ಒಂದು ರೇನ್ ಜಾಕೆಟ್, ಆರು ಕಾಲಂ: ಪೆಸ್ಟಲ್ ಶೀಟಿನಲ್ಲಿ ಯಾವುದು ಎಲ್ಲಿಗೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು 400 ಮಷೀನಿನ ಗಾರ್ಮೆಂಟ್ ಯೂನಿಟ್. ಜರ್ಮನಿ ಮತ್ತು ಫ್ರಾನ್ಸಿಗೆ ರೇನ್ ಜಾಕೆಟ್ ಕಳಿಸ್ತೇವೆ. ಯುರೋಪಿನ ಹೊಸ ನಿಯಮಗಳ ಬಗ್ಗೆ ಪೆಸ್ಟಲ್ ಸ್ಕ್ಯಾನ್ ಮಾಡಿ ಕೊಡಿ ಅಂತ ಎಂ.ಡಿ. ಹೇಳಿದರು. ಅಂದ್ರೆ ಹೊರಗಿನ ಬದಲಾವಣೆಗಳನ್ನು ರಾಜಕೀಯ, ಆರ್ಥಿಕ, ಸಾಮಾಜಿಕ, ತಂತ್ರಜ್ಞಾನ, ಪರಿಸರ, ಕಾನೂನು ಅಂತ ಆರು ಕಾಲಂನಲ್ಲಿ ಬರೆಯೋ ಪಟ್ಟಿ. 34 ಸಾಲು ಬರೆದೆ. ಅದರಲ್ಲಿ 23 ಸಾಲು ಕಾನೂನಿನ ಕಾಲಂನಲ್ಲೇ ಬಂದು ಕೂತಿವೆ. ಉಳಿದವು ಅದನ್ನೇ ಇನ್ನೊಂದು ಹೆಸರಲ್ಲಿ ಹೇಳ್ತಿವೆ ಅನ್ನಿಸ್ತಿದೆ. ರಾಜಕೀಯ ಎಲ್ಲಿ ಮುಗಿಯುತ್ತೆ, ಕಾನೂನು ಎಲ್ಲಿ ಶುರುವಾಗುತ್ತೆ, ಪರಿಸರ ಅಂದ್ರೆ ಪರಿಸರದ ಕಾನೂನೇ? ಶೀಟ್ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಶೀಟನ್ನು ಎರಡು ಸಲ ಓದಿದೆ. ಕಾಲಂಗಳ ಬಗ್ಗೆ ನೀವು ತಲೆ ಕೆಡಿಸಿಕೊಂಡಿದ್ದೀರಿ, ಆದರೆ ಗೊಂದಲ ಶುರುವಾಗಿರುವುದು ಸಾಲುಗಳಲ್ಲಿ. 7ನೇ ಸಾಲು ‘ರೀಚ್ ನಿಯಮ’, ಅಂದರೆ ಯುರೋಪಿನ ರಾಸಾಯನಿಕಗಳ ನಿಯಮ. 8ನೆಯದು ‘ಪಿಫಾಸ್’, ಅಂದರೆ ಬಟ್ಟೆಯಲ್ಲಿ ನೀರು, ಎಣ್ಣೆ ತಡೆಯಲು ಬಳಸುವ ಫ್ಲೋರಿನ್ ರಾಸಾಯನಿಕಗಳ ಕುಟುಂಬ. 19ನೆಯದು ‘ಪರಿಸರ ಕಾಳಜಿ’. 26ನೆಯದು ‘ಬಟ್ಟೆ ಬೆಲೆ ಏರಿಕೆ’. 27ನೆಯದು ‘ಬೈಯರ್ ಡಿಕ್ಲರೇಷನ್ ಕೇಳುತ್ತಿದ್ದಾರೆ’. 31ನೆಯದು ‘ನಮ್ಮಲ್ಲಿ ಟೆಸ್ಟಿಂಗ್ ವ್ಯವಸ್ಥೆ ಇಲ್ಲ’. ಈ ಆರೂ ಸಾಲು ಒಂದೇ ಜಾಕೆಟ್ಟಿನ ಹೊರಬಟ್ಟೆಯ ಬಗ್ಗೆ. ಒಂದರಲ್ಲಿ ಕಾರಣ ಇದೆ, ಇನ್ನೊಂದರಲ್ಲಿ ಅದರ ಪರಿಣಾಮ, ಮತ್ತೊಂದರಲ್ಲಿ ನಿಮ್ಮದೇ ಕೊರತೆ. ಎಲ್ಲವನ್ನೂ ‘ಹೊರಗಿನ ಅಂಶ’ ಎಂದು ಒಂದೇ ಚೀಲಕ್ಕೆ ತುಂಬಿದ್ದೀರಿ. ಹಾಗಾಗಿ ಶೀಟಿನ ಉಳಿದ ಭಾಗ ಬದಿಗಿಟ್ಟು ಈ ಆರು ಸಾಲನ್ನು ಮಾತ್ರ ಬಿಡಿಸುತ್ತೇನೆ. ಇದು ಗೊತ್ತಾದರೆ ಮಿಕ್ಕವನ್ನು ನೀವೇ ಬಿಡಿಸಿಕೊಳ್ಳುತ್ತೀರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಆರು ಕಾಲಂ ಆಕಾಶದಿಂದ ಇಳಿದು ಬಂದದ್ದಲ್ಲ. 1967ರಲ್ಲಿ ಹಾರ್ವರ್ಡ್‌ನ ಫ್ರಾನ್ಸಿಸ್ ಅಗಿಲಾರ್ ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ನಾಲ್ಕೇ: ಆರ್ಥಿಕ, ತಾಂತ್ರಿಕ, ರಾಜಕೀಯ, ಸಾಮಾಜಿಕ. ಕಾನೂನು ಮತ್ತು ಪರಿಸರಕ್ಕೆ ಬೇರೆ ಬೇರೆ ಕಾಲಂ ಬಂದದ್ದು ಆಮೇಲೆ. ಆದ್ದರಿಂದ ‘ಇದು ನಿಜವಾಗಿ ಯಾವ ಕಾಲಂ’ ಎಂದು ಮೀಟಿಂಗಿನಲ್ಲಿ ಅರ್ಧ ಗಂಟೆ ಜಗಳ ಆಡಬೇಡಿ. ಬೇರೆ ಬೇರೆ ಮಾಡುವುದರಿಂದ ಸಿಗುವ ಲಾಭ ಇಷ್ಟೇ: ಯಾವುದನ್ನು ಕ್ಯಾಲೆಂಡರಿಗೆ ಹಾಕಬೇಕು, ಯಾವುದರ ಮೇಲೆ ಕಣ್ಣಿಟ್ಟಿರಬೇಕು, ಯಾವುದನ್ನು ಪಟ್ಟಿಯಿಂದ ಹೊಡೆದುಹಾಕಬೇಕು ಅನ್ನುವುದು ತಿಳಿಯುತ್ತದೆ.

ಈಗ 7ನೇ ಸಾಲು. ‘ರೀಚ್ ನಿಯಮ’ ಅನ್ನುವುದು ಹೆಸರು. ಹೆಸರಿನಿಂದ ಏನೂ ಆಗುವುದಿಲ್ಲ. ಯಾರು, ಏನನ್ನು, ಯಾವತ್ತಿನಿಂದ ಬದಲಾಯಿಸುತ್ತಿದ್ದಾರೆ, ಅದು ನಮ್ಮ ಗೇಟಿನೊಳಗೆ ಯಾವ ಕಾಗದವಾಗಿ ಬರುತ್ತದೆ, ಇಷ್ಟು ಬರೆಯಿರಿ. ಹಾಗೆ ಬರೆದರೆ ನಿಮ್ಮ ಸಾಲು ಹೀಗಾಗುತ್ತದೆ: ‘ಯುರೋಪಿಯನ್ ಒಕ್ಕೂಟ 2024ರಲ್ಲಿ ರೀಚ್‌ಗೆ ತಿದ್ದುಪಡಿ ತಂದಿದೆ. 2026ರ ಅಕ್ಟೋಬರ್ 10ರಿಂದ ಸಾಮಾನ್ಯ ಗ್ರಾಹಕರ ಉಡುಪಿನಲ್ಲಿ ಪಿಎಫ್‌ಎಚ್‌ಎಕ್ಸ್‌ಎ ಅನ್ನುವ ಪಿಫಾಸ್ ರಾಸಾಯನಿಕ ಮತ್ತು ಅದರ ಲವಣಗಳು ಒಟ್ಟು 25 ಪಿಪಿಬಿ ಮುಟ್ಟುವಂತಿಲ್ಲ. ಒಡೆದು ಅದೇ ಆಗುವ ಸಂಬಂಧಿ ರಾಸಾಯನಿಕಗಳು ಒಟ್ಟು 1000 ಪಿಪಿಬಿ ಮುಟ್ಟುವಂತಿಲ್ಲ. ನಮಗೆ ಇದು ಹೊರಬಟ್ಟೆಯ ಟೆಸ್ಟ್ ರಿಪೋರ್ಟಾಗಿ ಬರುತ್ತದೆ.’ ಉದ್ದ ಆಯ್ತು, ಇರಲಿ. ಈಗ ಇದನ್ನು ಯಾವ ಕಾಲಂಗೆ ಹಾಕಬೇಕು ಎಂದು ಯಾರನ್ನೂ ಕೇಳಬೇಕಿಲ್ಲ. ಪಠ್ಯ ಪ್ರಕಟವಾಗಿದೆ, ದಿನಾಂಕ ಇದೆ. ಕಾನೂನು.

25 ಪಿಪಿಬಿ ಎಂದರೆ ಎಷ್ಟು ಎಂದು ಕೈಯಲ್ಲಿ ಹಿಡಿದು ನೋಡಿ. ಒಂದು ಕೆ.ಜಿ. ಬಟ್ಟೆಯಲ್ಲಿ 25 ಮೈಕ್ರೋಗ್ರಾಂ. ಒಂದು ಗ್ರಾಂ ಉಪ್ಪನ್ನು ನಲವತ್ತು ಸಾವಿರ ಪಾಲು ಮಾಡಿ, ಅದರಲ್ಲಿ ಒಂದು ಪಾಲು. ಈ ಲೆಕ್ಕ ಯಾಕೆ ಮುಖ್ಯ ಅನ್ನುವುದು 31ನೇ ಸಾಲಿಗೆ ಬಂದಾಗ ಗೊತ್ತಾಗುತ್ತದೆ.

ಮುಂದಿನದು 8, ‘ಪಿಫಾಸ್’. ಇಲ್ಲಿಯೇ ರಾಜಕೀಯ ಮತ್ತು ಕಾನೂನಿನ ಗಡಿ ಇದೆ. ಸ್ವಲ್ಪ ಹೊತ್ತು ನಿಲ್ಲೋಣ.

ಜಾಕೆಟ್ಟಿನ ಮೇಲೆ ನೀರು ಮುತ್ತಿನ ಹಾಗೆ ಉರುಳಿ ಹೋಗುವಂತೆ ಮಾಡುವುದು ಬಟ್ಟೆಗೆ ಕೊಡುವ ವಾಟರ್ ರಿಪೆಲೆಂಟ್ ಫಿನಿಶ್. ಬಹಳ ವರ್ಷ ಅದನ್ನು ಫ್ಲೋರಿನ್ ಇರುವ ರಾಸಾಯನಿಕಗಳಿಂದ ಮಾಡುತ್ತಿದ್ದರು. ಮೊದಲು ಬಳಕೆಯಲ್ಲಿದ್ದದ್ದು ಸಿ8, ಅಂದರೆ ಎಂಟು ಇಂಗಾಲದ ಸರಪಳಿಯದು. ಅದಕ್ಕೆ ಸಂಬಂಧಿಸಿದ ಪಿಎಫ್‌ಒಎ ಅನ್ನುವುದಕ್ಕೆ ಯುರೋಪ್ 2020ರ ಜುಲೈನಲ್ಲಿ ಬಾಗಿಲು ಹಾಕಿತು. ಅದು ಬರುತ್ತದೆ ಎಂದು ಮೊದಲೇ ಗೊತ್ತಿದ್ದ ಮಿಲ್‌ಗಳು ಸಿ6ಗೆ ಹೋದವು, ಅಂದರೆ ಆರು ಇಂಗಾಲದ್ದು. ‘ಇದು ಸೇಫ್, ನಿಶ್ಚಿಂತೆಯಿಂದ ಇರಿ’ ಎಂದು ಕೆಮಿಕಲ್ ಮಾರುವವರು ಹೇಳಿದ್ದು ನನಗಿನ್ನೂ ನೆನಪಿದೆ. ಆ ಸಿ6 ಒಡೆದಾಗ ಕೊನೆಗೆ ಉಳಿಯುವುದೇ ಪಿಎಫ್‌ಎಚ್‌ಎಕ್ಸ್‌ಎ. ಈಗ ಅದಕ್ಕೂ ಗಡುವು ಬಂತು. ಈ ನಡುವೆ, 2023ರ ಆರಂಭದಲ್ಲಿ, ಜರ್ಮನಿ, ನೆದರ್‌ಲೆಂಡ್ಸ್, ಡೆನ್ಮಾರ್ಕ್, ಸ್ವೀಡನ್ ಮತ್ತು ನಾರ್ವೆ ಸೇರಿ ಇಡೀ ಪಿಫಾಸ್ ಕುಟುಂಬವನ್ನೇ ನಿರ್ಬಂಧಿಸುವ ಪ್ರಸ್ತಾವ ಇಟ್ಟಿವೆ. ಸಾವಿರಗಟ್ಟಲೆ ರಾಸಾಯನಿಕಗಳ ಕುಟುಂಬ ಅದು.

ನಿಮ್ಮ ‘ಪಿಫಾಸ್’ ಅನ್ನುವ ಒಂದು ಪದದಲ್ಲಿ ಮೂರು ಬೇರೆ ಬೇರೆ ವಯಸ್ಸಿನ ಸಂಗತಿಗಳಿವೆ. ಸಿ8 ಮುಗಿದ ಕಥೆ. ಅದು ಈಗ ಬದಲಾವಣೆಯೇ ಅಲ್ಲ, ಪಾಲಿಸಬೇಕಾದ ಮಾಮೂಲಿ ನಿಯಮ. ಸ್ಕ್ಯಾನಿನಿಂದ ತೆಗೆಯಿರಿ. ಸಿ6 ಕಾನೂನು, ದಿನಾಂಕದ ಸಮೇತ. ಐದು ದೇಶಗಳ ಪ್ರಸ್ತಾವ ರಾಜಕೀಯ. ಅದು ಪಾಸಾಗಬಹುದು, ಸಡಿಲವಾಗಬಹುದು, ಕೆಲವು ಬಳಕೆಗಳಿಗೆ ವಿನಾಯಿತಿ ಸಿಗಬಹುದು. ದಿನಾಂಕ ಇಲ್ಲದ ಪ್ರಸ್ತಾವವನ್ನು ಕಾನೂನಿನ ಕಾಲಂಗೆ ಹಾಕಿದರೆ ನಿಮ್ಮ ಎಂ.ಡಿ. ಅದನ್ನೂ ಖಚಿತ ಎಂದು ಓದುತ್ತಾರೆ. ಸಿ6 ಗಡುವನ್ನು ರಾಜಕೀಯಕ್ಕೆ ಹಾಕಿದರೆ ‘ನೋಡೋಣ ಬಿಡಿ’ ಅನ್ನುತ್ತಾರೆ. ಎರಡರಿಂದಲೂ ದುಡ್ಡು ಹೋಗುತ್ತದೆ.

ನಾನು ಇಟ್ಟುಕೊಂಡಿರುವ ಅಳತೆ ಸರಳ. ಪ್ರಕಟವಾದ ಪಠ್ಯ ಮತ್ತು ನಮ್ಮ ಸರಕಿಗೆ ಅನ್ವಯವಾಗುವ ದಿನಾಂಕ, ಈ ಎರಡೂ ಇದ್ದರೆ ಕಾನೂನು. ಒಂದು ಇಲ್ಲದಿದ್ದರೂ ರಾಜಕೀಯ. ‘ನಮ್ಮ ಸರಕಿಗೆ’ ಅನ್ನುವ ಮಾತನ್ನು ಬಿಡಬೇಡಿ. ನಿಮ್ಮ 12ನೇ ಸಾಲಿನಲ್ಲಿರುವ, ಸರಕಿನ ವಿವರವನ್ನು ಡಿಜಿಟಲ್ ರೂಪದಲ್ಲಿ ಕೊಡುವ ಡಿಜಿಟಲ್ ಪ್ರಾಡಕ್ಟ್ ಪಾಸ್‌ಪೋರ್ಟ್ ನೋಡಿ. ಅದರ ತಾಯಿ ಕಾನೂನಾದ ಇಕೋಡಿಸೈನ್ ನಿಯಮ 2024ರ ಜುಲೈ 18ರಂದೇ ಜಾರಿಗೆ ಬಂದಿದೆ. ಆದರೆ ಉಡುಪಿಗೆ ಏನು ಬರೆಯಬೇಕು, ಎಷ್ಟು ವಿವರ ಕೊಡಬೇಕು ಎಂದು ಹೇಳುವುದು ಬೇರೆಯದೇ ಆದ ಉಪನಿಯಮ. 2025ರ ಏಪ್ರಿಲ್‌ನಲ್ಲಿ ಯುರೋಪಿಯನ್ ಆಯೋಗ ಹೊರಡಿಸಿದ ಕಾರ್ಯಯೋಜನೆಯಲ್ಲಿ ಅದಕ್ಕೆ 2027 ಎಂದು ಅಂದಾಜು ಹಾಕಿದ್ದಾರೆ. ಅದು ಹೊರಬಂದ ಮೇಲೂ ಪಾಲಿಸಲು ಕಾಲಾವಕಾಶ ಇರುತ್ತದೆ. ಹಾಗಾಗಿ ಅದು ಸದ್ಯಕ್ಕೆ ನಿಮ್ಮ ರಾಜಕೀಯದ ಕಾಲಂನಲ್ಲಿ ಇರಲಿ.

ಸಾಲು ಒಂದು ಕಾಲಂನಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗುತ್ತದೆ, ಕೆಲವೊಮ್ಮೆ ವಾಪಸ್ಸೂ ಬರುತ್ತದೆ. ದೊಡ್ಡ ಕಂಪನಿಗಳು ತಮ್ಮ ಪೂರೈಕೆದಾರರ ಕಡೆಯ ಶೋಷಣೆ, ಮಾಲಿನ್ಯದ ಮೇಲೂ ನಿಗಾ ಇಡಬೇಕು ಅನ್ನುವ ಯುರೋಪಿನ ಡ್ಯೂ ಡಿಲಿಜೆನ್ಸ್ ನಿರ್ದೇಶನ 2024ರ ಜುಲೈನಲ್ಲಿ ಜಾರಿಗೆ ಬಂತು. ಎಲ್ಲರೂ ಕಾನೂನಿನ ಕಾಲಂಗೆ ಬರೆದುಕೊಂಡರು. 2025ರ ಏಪ್ರಿಲ್‌ನಲ್ಲಿ ಅದರ ಗಡುವನ್ನೇ ಮುಂದಕ್ಕೆ ಹಾಕಿದರು, ವ್ಯಾಪ್ತಿ ಕಡಿಮೆ ಮಾಡುವ ಚರ್ಚೆಯೂ ಶುರುವಾಯಿತು. ಕಾನೂನು ಮತ್ತೆ ರಾಜಕೀಯವಾಯಿತು.

ನಮ್ಮ ಊರಿನದೇ ಇನ್ನೂ ಚುರುಕಾದ ಉದಾಹರಣೆ ಇದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಫ್. ನಿಯಮ ಬದಲಾಯಿಸಿತು. ಕೆಲಸ ಬಿಟ್ಟವರು ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದಿತ್ತು ಅದರಲ್ಲಿ. ಅಧಿಸೂಚನೆ ಇತ್ತು, ದಿನಾಂಕ ಇತ್ತು, ಯಾರ ಶೀಟಿನಲ್ಲಾದರೂ ಅದು ಅಚ್ಚುಕಟ್ಟಾದ ಕಾನೂನಿನ ಸಾಲು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗೆ ಬಂದರು. ಹೊಸೂರು ರಸ್ತೆ ನಿಂತುಹೋಯಿತು. ಎರಡನೇ ದಿನವೇ ಸರ್ಕಾರ ನಿಯಮ ವಾಪಸ್ ಪಡೆಯಿತು. ಮದುವೆಗೆ, ಬಾಣಂತನಕ್ಕೆ, ಮಕ್ಕಳ ಫೀಸಿಗೆ ಕೆಲಸ ಬಿಟ್ಟು ಆ ದುಡ್ಡು ತೆಗೆಯುವುದು ಅವರ ಬದುಕಿನ ಲೆಕ್ಕದಲ್ಲಿ ಇತ್ತು. ಸಾಮಾಜಿಕ ಕಾಲಂಗೆ ಬರೆಯಬೇಕಿದ್ದದ್ದು ಅದು. ನಿಮ್ಮ ಶೀಟಿನಲ್ಲಿ ಆ ಕಾಲಂನಲ್ಲಿ ‘ಗ್ರಾಹಕರ ಅರಿವು’ ಅಂತ ಒಂದೇ ಒಂದು ಸಾಲು ಇದೆ. 400 ಮಷೀನಿನ ಮುಂದೆ ಕೂತವರ ಬಗ್ಗೆ ಒಂದಕ್ಷರವೂ ಇಲ್ಲ. ಅದನ್ನು ಇನ್ನೊಮ್ಮೆ ನೋಡಿ.

ಜಾಕೆಟ್ಟಿಗೆ ವಾಪಸ್ ಬರೋಣ. ಫ್ರಾನ್ಸ್ ಬಗ್ಗೆ ನೀವು ಬರೆದೇ ಇಲ್ಲ, ಅದು ಈ ಶೀಟಿನ ದೊಡ್ಡ ತಪ್ಪು. ಫ್ರಾನ್ಸ್ ಒಕ್ಕೂಟದ ಗಡುವಿಗೆ ಕಾಯಲಿಲ್ಲ. 2025ರ ಫೆಬ್ರವರಿಯಲ್ಲಿ ತನ್ನದೇ ಕಾನೂನು ಮಾಡಿ, 2026ರ ಜನವರಿ 1ರಿಂದ ಗ್ರಾಹಕರ ಉಡುಪಿನಲ್ಲಿ ಪಿಫಾಸನ್ನೇ ನಿಷೇಧಿಸಿತು. ರಕ್ಷಣಾ ಉಡುಪಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಇದು ಒಂದು ರಾಸಾಯನಿಕ ಗುಂಪಿನ ಮಾತಲ್ಲ, ಕುಟುಂಬ ಪೂರ್ತಿ. ಹಾಗಾದರೆ ‘ಯುರೋಪ್’ ಅಂತ ಒಂದೇ ಸಾಲು ಬರೆದರೆ ಸಾಲದು. ದಿನಾಂಕ ಬೇರೆಯಾದರೆ ಅಥವಾ ವ್ಯಾಪ್ತಿ ಬೇರೆಯಾದರೆ ಸಾಲೂ ಬೇರೆ. ಜರ್ಮನಿಯ ಆರ್ಡರಿಗೆ ಅಕ್ಟೋಬರ್ ಗಡುವು ಹಿಡಿದು ಕೂತವರಿಗೆ ಫ್ರಾನ್ಸಿನ ಆರ್ಡರಿನಲ್ಲಿ ಒಂಬತ್ತು ತಿಂಗಳು ಮೊದಲೇ ಪೆಟ್ಟು ಬೀಳುತ್ತದೆ.

19ನೇ ಸಾಲು, ‘ಪರಿಸರ ಕಾಳಜಿ’. ಕಾಳಜಿ ಇರುವುದು ಜನರಲ್ಲಿ. ಅದು ಬೇಕಾದರೆ ಸಾಮಾಜಿಕ. ಪರಿಸರದ ಕಾಲಂಗೆ ನಾನು ಬಿಡುವುದು ಭೌತಿಕವಾದದ್ದನ್ನು ಮಾತ್ರ: ನೀರು, ಮಳೆ, ಬಿಸಿಲು, ಬೆಳೆ. ಪರೀಕ್ಷೆ ಹೀಗೆ: ನಾಳೆ ಬೆಳಿಗ್ಗೆ ಎಲ್ಲ ಕಾನೂನೂ ರದ್ದಾದರೆ ಈ ಸಾಲು ಉಳಿಯುತ್ತಾ? ಉಳಿದರೆ ಪರಿಸರ. ಪಿಫಾಸ್ ನೀರಿನಲ್ಲಿ ಒಡೆದು ಹೋಗದೆ ಉಳಿಯುತ್ತದೆ ಅನ್ನುವುದು ನಿಜ, ಆ ಕಾನೂನು ಬರಲು ಕಾರಣವೂ ಅದೇ. ಆದರೆ ಕಾನೂನು ಇಲ್ಲದಿದ್ದರೆ ಅದರಿಂದ ನಿಮ್ಮ ಯೂನಿಟ್ಟಿನ ಒಂದು ಮಷೀನೂ ನಿಲ್ಲುವುದಿಲ್ಲ. ಹಾಗಾಗಿ ನಿಮ್ಮ ಶೀಟಿನಲ್ಲಿ ಅದು ಬೇರೆ ಸಾಲಲ್ಲ, 7ನೇ ಸಾಲಿನ ಹಿನ್ನೆಲೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಣಗಿ ಟ್ಯಾಂಕರಿಗೆ ಪರದಾಡಿದ್ದು ನೆನಪಿದೆಯಲ್ಲ? ಅದು ಪರಿಸರದ ಸಾಲು. ಯಾವ ಕಾನೂನು ಬಂದರೂ ಹೋದರೂ ಅದು ಇರುತ್ತದೆ.

ಪರಿಸರ ಎಲ್ಲಿ ನಿಂತು ಕಾನೂನು ಎಲ್ಲಿ ಶುರುವಾಗುತ್ತದೆ ಎಂದು ನೋಡಬೇಕಾದರೆ ತಿರುಪ್ಪೂರು ಇದೆ. ಡೈಯಿಂಗ್ ಯೂನಿಟ್‌ಗಳ ಬಣ್ಣದ ನೀರಿನಿಂದ ನೊಯ್ಯಲ್ ನದಿ ಕೆಟ್ಟು, ಕೆಳಗಿನ ರೈತರ ಹೊಲ ಉಪ್ಪಾಗಿ ವರ್ಷಗಳೇ ಆಗಿದ್ದವು. ಅಷ್ಟು ಕಾಲ ಅದು ಪರಿಸರ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಡೈಯಿಂಗ್ ಯೂನಿಟ್‌ಗಳನ್ನು ಮುಚ್ಚಲು ಹೇಳಿತು. ಕೋರ್ಟು ಕೈ ಹಾಕಿದ ಮೇಲೆ ಅದು ಕಾನೂನು. ಕೊಳಚೆ ನೀರನ್ನು ಒಂದು ಹನಿಯೂ ಹೊರಗೆ ಬಿಡದೆ ಶುದ್ಧ ಮಾಡಿ ಮರುಬಳಸುವ ಸ್ಥಾವರಗಳು ಬಂದವು, ಅದು ತಂತ್ರಜ್ಞಾನ. ಒಂದೇ ನದಿ, ಮೂರು ಕಾಲಂ. ಆದರೆ ಗಮನಿಸಿ, ಮೂರೂ ಬೇರೆ ಬೇರೆ ವರ್ಷದ ಸಂಗತಿಗಳು. ಬಟ್ಟೆ ಡೈಯಿಂಗಿಗೆ ಅಲ್ಲಿಗೇ ಕಳಿಸುತ್ತಿದ್ದ ನಮ್ಮ ಕಡೆಯ ಯೂನಿಟ್‌ಗಳಿಗೂ ಆ ತಿಂಗಳುಗಳಲ್ಲಿ ಬಿಸಿ ತಟ್ಟಿತು.

26ನೇ ಸಾಲು, ‘ಬಟ್ಟೆ ಬೆಲೆ ಏರಿಕೆ’. ಫ್ಲೋರಿನ್ ಇಲ್ಲದ ಫಿನಿಶ್ ಹಾಕಿದ್ದಕ್ಕೆ ಮಿಲ್ ಮೀಟರಿಗೆ ಜಾಸ್ತಿ ಕೇಳುತ್ತಿದೆ ಎಂದು ನೀವೇ ಪಕ್ಕದಲ್ಲಿ ಬರೆದಿದ್ದೀರಿ. ಅಂದರೆ ಅದು 7ನೇ ಸಾಲಿನ ಪರಿಣಾಮ. ಅದನ್ನು ಆರ್ಥಿಕದ ಕಾಲಂಗೆ ಮತ್ತೆ ಬರೆದರೆ ಒಂದೇ ಏಟನ್ನು ಎರಡು ಸಲ ಎಣಿಸಿದಂತೆ. ಹೊಡೆದುಹಾಕಿ, ಮೊತ್ತವನ್ನು 7ನೇ ಸಾಲಿನ ‘ನಮಗೆ ತಗಲುವ ಖರ್ಚು’ ಅನ್ನುವ ಜಾಗಕ್ಕೆ ಸೇರಿಸಿ. ಯೂರೋ ಮತ್ತು ರೂಪಾಯಿ ದರ ನಿಜವಾದ ಆರ್ಥಿಕ ಸಾಲು, ಯಾಕೆಂದರೆ ನಿಮ್ಮ ಇನ್‌ವಾಯ್ಸ್ ಯೂರೋದಲ್ಲಿದೆ. ಅಮೆರಿಕ 2025ರ ಆಗಸ್ಟ್ 27ರಿಂದ ಭಾರತದ ಸರಕಿನ ಮೇಲಿನ ಹೆಚ್ಚುವರಿ ಸುಂಕವನ್ನು ಶೇ 50ಕ್ಕೆ ಏರಿಸಿತಲ್ಲ, ಅದನ್ನು ನೀವು ‘ನಮಗೆ ಸಂಬಂಧ ಇಲ್ಲ’ ಎಂದು ಬಿಟ್ಟಿದ್ದೀರಿ. ನೀವು ಅಮೆರಿಕಕ್ಕೆ ಕಳಿಸುವುದಿಲ್ಲ ನಿಜ. ಆದರೆ ಅಲ್ಲಿ ಆರ್ಡರ್ ಕಳೆದುಕೊಂಡವರು ನಿಮ್ಮ ಜರ್ಮನ್ ಬೈಯರ್ ಬಾಗಿಲಿಗೇ ಬರುತ್ತಾರೆ, ಕಡಿಮೆ ರೇಟ್ ಹಿಡಿದು. ಸುಂಕ ರಾಜಕೀಯದ ಸಾಲು. ನಿಮಗೆ ಬರುವ ದಾರಿ ಅಡ್ಡದಾರಿ, ಅಷ್ಟೇ. ಇಂಥ ಸುಂಕ ತಿಂಗಳೊಪ್ಪತ್ತಿನಲ್ಲಿ ಬದಲಾಗುತ್ತದೆ. ಆದ್ದರಿಂದ ಪ್ರತಿ ಸಲ ನೋಡಿದ ದಿನಾಂಕವನ್ನು ಪಕ್ಕದಲ್ಲಿ ಬರೆದಿಡಿ.

27, ಬೈಯರ್ ಡಿಕ್ಲರೇಷನ್. ಬಹಳ ಜನ ಇದನ್ನು ಕಾನೂನು ಅಂದುಕೊಳ್ಳುತ್ತಾರೆ. ಬೈಯರ್ ಕಳಿಸುವ ಪತ್ರದಲ್ಲಿ ನಿಯಮದ ನಂಬರ್ ಇರುತ್ತದಲ್ಲ, ಅದಕ್ಕೆ. ಒಮ್ಮೆ ಆ ಪತ್ರವನ್ನು ನಿಯಮದ ಪಕ್ಕ ಇಟ್ಟು ಓದಿ. ನಿಯಮದಲ್ಲಿ ಅಕ್ಟೋಬರ್ 10 ಎಂದಿದ್ದರೆ ಬೈಯರ್ ಅದಕ್ಕಿಂತ ಒಂದು ಸೀಸನ್ ಮೊದಲೇ ಬೇಕು ಅಂದಿರುತ್ತಾನೆ, ಅವನ ಗೋದಾಮಿನ ಲೆಕ್ಕ ಅವನಿಗೆ. ನಿಯಮದಲ್ಲಿ 25 ಪಿಪಿಬಿ ಇದ್ದರೆ ಬೈಯರ್ ‘ಯಾವ ಪಿಫಾಸನ್ನೂ ಉದ್ದೇಶಪೂರ್ವಕ ಬಳಸಿಲ್ಲ’ ಎಂದು ಸಹಿ ಕೇಳಿರುತ್ತಾನೆ. ಇದು ಗುತ್ತಿಗೆ, ಕಾನೂನಲ್ಲ. ಪೆಸ್ಟಲ್‌ನ ಆರು ಕಾಲಂಗೂ ಸೇರುವುದಿಲ್ಲ. ಬೈಯರ್, ಮಿಲ್, ಪಕ್ಕದ ಪ್ರತಿಸ್ಪರ್ಧಿ ಇವರೆಲ್ಲ ನಿಮ್ಮ ಉದ್ಯಮದ ಒಳವಲಯ. ಅವರಿಗೆ ಪಕ್ಕದಲ್ಲಿ ಬೇರೆ ಶೀಟ್ ಇಟ್ಟು, ‘ಇದು 7ನೇ ಸಾಲಿನಿಂದ ಬಂದದ್ದು’ ಎಂದು ಕೊಂಡಿ ಹಾಕಿ. ಯಾಕೆ ಇಷ್ಟು ಹಟ ಅಂದರೆ, ಬೈಯರ್ ದಿನಾಂಕದ ಬಗ್ಗೆ ಕೂತು ಮಾತಾಡಬಹುದು, ಟೆಸ್ಟಿನ ಖರ್ಚು ಹಂಚಿಕೊಳ್ಳಿ ಅನ್ನಬಹುದು. ನಿಯಮದ ದಿನಾಂಕದ ಜೊತೆ ಮಾತಾಡಲು ಆಗುವುದಿಲ್ಲ. ಎರಡನ್ನೂ ಒಂದೇ ಕಾಲಂಗೆ ಹಾಕಿದರೆ ಮಾತಾಡಬಹುದಾದ ಜಾಗ ಯಾವುದು ಅನ್ನುವುದೇ ಕಾಣಿಸುವುದಿಲ್ಲ.

31, ‘ನಮ್ಮಲ್ಲಿ ಟೆಸ್ಟಿಂಗ್ ವ್ಯವಸ್ಥೆ ಇಲ್ಲ’. ‘ನಮ್ಮಲ್ಲಿ’ ಅಂತ ಶುರುವಾಗುವ ಯಾವ ಸಾಲೂ ಪೆಸ್ಟಲ್‌ಗೆ ಸೇರುವುದಿಲ್ಲ. ಅದು ನಿಮ್ಮ ದೌರ್ಬಲ್ಯ, ಸ್ವಾಟ್ ಶೀಟಿಗೆ ಹೋಗಲಿ. ಆದರೆ ಈ ಸಾಲನ್ನು ಒಂದು ವಾಕ್ಯದಲ್ಲಿ ಬಿಡಲು ಮನಸ್ಸಾಗುತ್ತಿಲ್ಲ, ನಾನೇ ಇದರಲ್ಲಿ ಮುಗ್ಗರಿಸಿದ್ದೇನೆ.

ಕೆಲವು ವರ್ಷದ ಹಿಂದೆ ಒಬ್ಬ ರಫ್ತುದಾರರಿಗೆ ಇಂಥದೇ ಶೀಟ್ ಮಾಡಿಕೊಟ್ಟೆ. ಕಾಲಂಗಳೆಲ್ಲ ಚೆನ್ನಾಗಿ ಕೂತಿದ್ದವು. ಮಿಲ್ ಫ್ಲೋರಿನ್ ಇಲ್ಲದ ಫಿನಿಶ್ ಹಾಕಿತ್ತು, ಕೆಮಿಕಲ್ ಬಿಲ್ಲೂ ಇತ್ತು. ಆದರೂ ಲ್ಯಾಬಿನಲ್ಲಿ ಫೇಲ್. ಮೊದಲು ಲ್ಯಾಬನ್ನು ಬೈದೆವು. ಆಮೇಲೆ ಪ್ರೊಸೆಸಿಂಗ್ ಹೌಸಿಗೆ ಹೋಗಿ ನೋಡಿದರೆ, ಹಿಂದಿನ ಶಿಫ್ಟಿನಲ್ಲಿ ಬಟ್ಟೆಗೆ ಫಿನಿಶ್ ಉಣಿಸುವ ಅದೇ ಪ್ಯಾಡಿಂಗ್ ಮ್ಯಾಂಗಲ್ಲಿನಲ್ಲಿ ಇನ್ನೊಬ್ಬರ ಸಿ6 ಬಟ್ಟೆ ಓಡಿತ್ತು. ತೊಟ್ಟಿಯ ಅಂಚಿನಲ್ಲಿ ಬಿಳಿ ಕೆನೆಯಂಥದ್ದು ಕಟ್ಟಿಕೊಂಡಿತ್ತು. ಬೆರಳಲ್ಲಿ ಕೆರೆದರೆ ಬರುತ್ತಿತ್ತು. ನೀರು ಹಾಯಿಸಿ ತೊಳೆದಿದ್ದರು, ಪೈಪು ಮತ್ತು ರೋಲರ್ ಸಂದು ಬಿಟ್ಟಿದ್ದರು. ಕೆ.ಜಿ.ಗೆ 25 ಮೈಕ್ರೋಗ್ರಾಂ ಲೆಕ್ಕದಲ್ಲಿ ಆ ಕೆನೆ ಬೆಟ್ಟದಷ್ಟು. ನಾನು ಶೀಟಿನಲ್ಲಿ ಇದನ್ನು ‘ಕಾನೂನು, ನಿಭಾಯಿಸಲಾಗಿದೆ’ ಎಂದು ಬರೆದಿದ್ದೆ. ಕಾನೂನಿನ ಸಾಲು ಸರಿಯೇ ಇತ್ತು. ಒಳಗಿನ ಕೊರತೆ ಅದರ ನೆರಳಿನಲ್ಲಿ ಮುಚ್ಚಿಹೋಗಿತ್ತು.

ನೀವು ಲ್ಯಾಬ್ ಕಟ್ಟಬೇಕಿಲ್ಲ. ಬಟ್ಟೆ ಬಂದ ದಿನ ಒಂದು ತುಂಡಿನ ಮೇಲೆ ಒಂದು ಹನಿ ನೀರು, ಪಕ್ಕದಲ್ಲಿ ಒಂದು ಹನಿ ಬೆಚ್ಚಗಿನ ತೆಂಗಿನೆಣ್ಣೆ ಹಾಕಿ ನೋಡಿ. ಎರಡೂ ಮುತ್ತಿನಂತೆ ನಿಂತರೆ ಫ್ಲೋರಿನ್ ಇರುವ ಸಂಶಯ ಬಲವಾಗಿದೆ. ನೀರು ನಿಂತು ಎಣ್ಣೆ ಇಂಗಿ ಕಲೆ ಹರಡಿದರೆ ಫ್ಲೋರಿನ್ ಇಲ್ಲದ ಫಿನಿಶ್ ಇರಬಹುದು. ಎಣ್ಣೆಯನ್ನು ಸಹ ತಡೆಯುವ ಗುಣ ಇರುವುದು ಫ್ಲೋರಿನ್ನಿಗೇ. ಇದು ಮೊದಲ ಜರಡಿ ಮಾತ್ರ. ಮೇಲೆ ಹೇಳಿದ ಕೆನೆಯಂಥ ಸಣ್ಣ ಮಾಲಿನ್ಯ ಇದರಲ್ಲಿ ಸಿಗುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು. ಲ್ಯಾಬಿಗೆ ಕಳಿಸುವಾಗ ಪ್ರತಿ ಬಣ್ಣ, ಪ್ರತಿ ಪ್ರೊಸೆಸಿಂಗ್ ಲಾಟಿನ ಮೊದಲ ಕೆಲವು ಮೀಟರಿನಿಂದ ತುಂಡು ತೆಗೆಯಿರಿ. ಹಿಂದಿನ ಶಿಫ್ಟಿನ ಕೊಳೆ ಮೊದಲು ಅಂಟುವುದು ಅಲ್ಲಿ.

ಈ ಎಣ್ಣೆ ಹನಿಯಿಂದಲೇ ತಂತ್ರಜ್ಞಾನದ ಸಾಲೂ ಸಿಕ್ಕಿತು. ‘ಮಾರುಕಟ್ಟೆಯಲ್ಲಿ ಸಿಗುವ ಫ್ಲೋರಿನ್ ಇಲ್ಲದ ಫಿನಿಶ್‌ಗಳು ನೀರು ತಡೆಯುತ್ತವೆ, ಎಣ್ಣೆ ತಡೆಯುವುದಿಲ್ಲ. ಒಗೆದಂತೆ ನೀರು ತಡೆಯುವ ಶಕ್ತಿಯೂ ಬೇಗ ಇಳಿಯಬಹುದು.’ ಕಾನೂನು ರದ್ದಾದರೂ ಈ ಮಾತು ನಿಜವಾಗಿಯೇ ಉಳಿಯುತ್ತದೆ, ಹಾಗಾಗಿ ಇದು ಸ್ವಂತ ಸಾಲು. ನಿಮ್ಮ ಸ್ಪೆಕ್ ಶೀಟಿನಲ್ಲಿ ಸ್ಪ್ರೇ ಟೆಸ್ಟ್ ರೇಟಿಂಗ್ ಎಷ್ಟು ಬೇಕು, ಎಷ್ಟು ವಾಶ್ ಆದಮೇಲೆ ಬೇಕು ಎಂದು ಸಿ6 ಕಾಲದ ಅಂಕೆಯೇ ಇದ್ದರೆ, ಕಾನೂನಿನಲ್ಲಿ ಪಾಸಾದ ಬಟ್ಟೆ ಬೈಯರ್ ಸ್ಪೆಕ್ಕಿನಲ್ಲಿ ಫೇಲ್ ಆಗುತ್ತದೆ. ಆ ಅಂಕೆಯನ್ನು ಬೈಯರ್ ಹತ್ತಿರ ಈಗಲೇ ಮಾತಾಡಿ.

ಬೇರೆ ಬೇರೆ ಮಾಡಿದ ಮೇಲೆ ಒಂದು ಕಡೆ ಮತ್ತೆ ಜೋಡಿಸಬೇಕಾಗುತ್ತದೆ, ದಿನಾಂಕದಲ್ಲಿ. ರೀಚ್‌ನ ಪ್ರಕಾರ ಒಕ್ಕೂಟದೊಳಕ್ಕೆ ಆಮದಾಗುವುದನ್ನೇ ಮಾರುಕಟ್ಟೆಗೆ ಬಂದಂತೆ ಎಂದು ಪರಿಗಣಿಸುತ್ತಾರೆ. ನಿಮ್ಮ ಗೇಟ್ ಬಿಟ್ಟ ದಿನಕ್ಕೆ ಬೆಲೆ ಇಲ್ಲ. ಆಗಸ್ಟ್ 25ಕ್ಕೆ ಪೀಣ್ಯ ಬಿಟ್ಟ ಕಂಟೇನರ್ ಸೆಪ್ಟೆಂಬರ್ 3ಕ್ಕೆ ಚೆನ್ನೈಯಿಂದ ಹಡಗು ಹತ್ತಿತು ಅಂದುಕೊಳ್ಳಿ. ಸೂಯೆಜ್ ಕಾಲುವೆ ದಾರಿಯಲ್ಲಿ ಸುಮಾರು 30 ದಿನ ಹಿಡಿದರೆ ಅಕ್ಟೋಬರ್ 3ರ ಹೊತ್ತಿಗೆ ಹ್ಯಾಂಬರ್ಗ್. ಗಡುವಿನ ಒಳಗೆ ಇದ್ದೀರಿ. ಆದರೆ 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹಳಷ್ಟು ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋದವು. ಅದಕ್ಕೆ ಹತ್ತರಿಂದ ಹದಿನಾಲ್ಕು ದಿನ ಜಾಸ್ತಿ. ಅಂದರೆ ಅಕ್ಟೋಬರ್ 13ರಿಂದ 17. ಗಡುವು ದಾಟಿತು. ಕೆಂಪು ಸಮುದ್ರ ರಾಜಕೀಯದ ಸಾಲು, ಅಕ್ಟೋಬರ್ 10 ಕಾನೂನಿನ ಸಾಲು. ಎರಡೂ ತಮ್ಮ ತಮ್ಮ ಕಾಲಂನಲ್ಲೇ ಇರಲಿ, ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೇ ಗೆರೆಯ ಮೇಲೆ ಬರೆಯಿರಿ. ಸಿ6 ಬಟ್ಟೆಯ ಕೊನೆಯ ಕಟಿಂಗ್ ಯಾವತ್ತು ಎಂದು ಹಿಂದಕ್ಕೆ ಎಣಿಸಿ ಹಾಕಬೇಕಾದದ್ದು ಆ ಗೆರೆಯಿಂದ.

ಈಗ ಜಾಕೆಟ್ಟಿನ ಆರು ಸಾಲು ಏನಾಯಿತು ನೋಡಿ. 7 ಉಳಿಯಿತು, ಪೂರ್ತಿ ವಾಕ್ಯವಾಗಿ, ಕಾನೂನಿನಲ್ಲಿ. ಅದರ ಪಕ್ಕ ಫ್ರಾನ್ಸ್ ಹೊಸ ಸಾಲಾಗಿ ಸೇರಿತು. 8ರಲ್ಲಿ ಸಿ8 ಹೋಯಿತು, ಸಿ6 7ರಲ್ಲಿ ಸೇರಿತು, ಐದು ದೇಶಗಳ ಪ್ರಸ್ತಾವ ರಾಜಕೀಯಕ್ಕೆ ಹೋಯಿತು. 19 ಅಳಿಸಿಹೋಗಿ ಪರಿಸರಕ್ಕೆ ಬೋರ್‌ವೆಲ್ ಬಂತು. 26 ಹೋಯಿತು. 27 ಮತ್ತು 31 ಬೇರೆ ಶೀಟಿಗೆ ಹೋದವು. ತಂತ್ರಜ್ಞಾನಕ್ಕೆ ಎಣ್ಣೆ ಹನಿಯ ಸಾಲು ಸಿಕ್ಕಿತು. ಉಳಿದ 28 ಸಾಲಿಗೂ ಇದೇ ಜರಡಿ ಹಿಡಿದರೆ ಒಟ್ಟು ಹದಿನೈದರ ಆಸುಪಾಸು ನಿಲ್ಲಬಹುದು. ನನ್ನ ಅನುಭವದಲ್ಲಿ ಅದಕ್ಕಿಂತ ಉದ್ದದ ಶೀಟನ್ನು ಯಾವ ಎಂ.ಡಿ.ಯೂ ಎರಡನೇ ಪುಟದವರೆಗೆ ಓದುವುದಿಲ್ಲ.

ರಾಜಕೀಯದ ಸಾಲುಗಳನ್ನು ತಿಂಗಳಿಗೊಮ್ಮೆ ತೆರೆದು, ಪಠ್ಯ ಬಂತಾ, ದಿನಾಂಕ ಬಂತಾ ಎಂದಷ್ಟೇ ನೋಡಿ. ಎರಡೂ ಬಂದಿದ್ದರೆ ಆ ಸಾಲನ್ನು ಕಟ್ ಮಾಡಿ ಕಾನೂನಿಗೆ ಪೇಸ್ಟ್ ಮಾಡಿ. ಕಾನೂನಿನ ಸಾಲುಗಳನ್ನು ಪ್ರತಿ ಸೀಸನ್ನಿನ ಬಟ್ಟೆ ಬುಕ್ ಮಾಡುವ ಮೊದಲು ನೋಡಿದರೆ ಸಾಕು. ಮತ್ತೆ ಮಿಲ್ಲಿಗೆ ಕೊಡುವ ಮುಂದಿನ ಪರ್ಚೇಸ್ ಆರ್ಡರಿನಲ್ಲಿ ‘ಪಿಫಾಸ್ ಫ್ರೀ’ ಅಂತ ಸುಮ್ನೆ ಬರೆಯಬೇಡಿ. ಯಾವ ರಾಸಾಯನಿಕ, ಎಷ್ಟು ಪಿಪಿಬಿ, ಯಾವ ಲಾಟಿನ ಟೆಸ್ಟ್, ಹಿಂದಿನ ಬ್ಯಾಚ್ ಸಿ6 ಆಗಿದ್ದರೆ ಮ್ಯಾಂಗಲ್ ಹೇಗೆ ತೊಳೆಯಬೇಕು, ಇಷ್ಟನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ.